ನಾಳೆ ನೀರಿಲ್ಲ: ಸುದ್ದಿ ಎಲ್ಲ ಮನೆಗೂ ಒಂದೇ ಸಲ

"ಸರ್, ಇವತ್ತು ಸಂಪ್ ತೊಳೀತಾರೆ ಅಂತ ನಮಗೆ ಯಾರೂ ಹೇಳ್ಲೇ ಇಲ್ಲ."

"ಗ್ರೂಪಲ್ಲಿ ಹಾಕಿದ್ವಲ್ಲ ಮೇಡಂ, ನಿನ್ನೆ ಬೆಳಿಗ್ಗೇನೇ!"

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾದವರಿಗೆಲ್ಲ ಈ ಮಾತುಕತೆ ಹೊಸದಲ್ಲ. ಇಲ್ಲಿ ಇಬ್ಬರೂ ಹೇಳುತ್ತಿರುವುದು ನಿಜವೇ. ಕಾರ್ಯದರ್ಶಿ ಸಂದೇಶ ಹಾಕಿದ್ದಾರೆ. ಆದರೆ ಅದರ ಮೇಲೆ ಶುಭೋದಯದ ಚಿತ್ರಗಳು, ಪಾರ್ಕಿಂಗ್ ತಕರಾರು, ಹುಟ್ಟುಹಬ್ಬದ ಹಾರೈಕೆಗಳು ಬಂದು ಕೂತು, ಸಂಜೆ ಫೋನ್ ತೆರೆದವರಿಗೆ ನೀರಿನ ಸುದ್ದಿ ಕಾಣಲೇ ಇಲ್ಲ. ಬ್ಲಾಕಿಗೊಂದು ಗ್ರೂಪ್ ಮಾಡಿದರೆ ಗದ್ದಲ ಕಡಿಮೆಯಾಗುತ್ತದೆ ನಿಜ, ಆದರೆ ಒಂದೇ ಸೂಚನೆಯನ್ನು ಪ್ರತಿ ಗ್ರೂಪಿಗೂ ಕಳಿಸಬೇಕು. ಒಂದು ಗ್ರೂಪ್ ಮರೆತರೆ ಅರವತ್ತು ಮನೆಗೆ ಸುದ್ದಿಯೇ ಇಲ್ಲ.

ವಾಟ್ಸ್‌ಆ್ಯಪ್‌ನ 'ಕಮ್ಯುನಿಟಿ' ಈ ತೊಡಕಿಗೆಂದೇ ಬಂದದ್ದು. 2022ರ ಏಪ್ರಿಲ್‌ನಲ್ಲಿ ಪ್ರಕಟವಾಗಿ, ಅದೇ ವರ್ಷದ ನವೆಂಬರ್‌ನಿಂದ ಎಲ್ಲರ ಫೋನಿಗೂ ಬರತೊಡಗಿತು. ಒಂದಕ್ಕೊಂದು ಸಂಬಂಧವಿರುವ ಗ್ರೂಪುಗಳನ್ನು ಇದು ಒಂದೇ ಹೆಸರಿನಡಿ ತರುತ್ತದೆ. ಪ್ರತಿ ಗ್ರೂಪಿನ ಮಾತುಕತೆ ಮೊದಲಿನಂತೆಯೇ ಬೇರೆಯಾಗಿ ನಡೆಯುತ್ತದೆ. ಕಮ್ಯುನಿಟಿ ಶುರುಮಾಡಿದ ಕೂಡಲೇ Announcements ಎಂಬ ಗ್ರೂಪ್ ತಾನಾಗಿ ಹುಟ್ಟುತ್ತದೆ. ಯಾವ ಗ್ರೂಪಿನ ಸದಸ್ಯರಾಗಿದ್ದರೂ ಎಲ್ಲರೂ ಇದರಲ್ಲಿ ಇರುತ್ತಾರೆ. ಇದರಲ್ಲಿ ಹೊಸ ಸೂಚನೆ ಹಾಕುವ ಅಧಿಕಾರ ಕಮ್ಯುನಿಟಿಯ ಅಡ್ಮಿನ್‌ಗಳಿಗೆ ಮಾತ್ರ. ಮೂರು ಗ್ರೂಪಿನಲ್ಲಿರುವವರಿಗೂ ಸೂಚನೆ ಬರುವುದು ಒಂದೇ ಸಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಎ, ಬಿ, ಸಿ ಎಂಬ ಮೂರು ಬ್ಲಾಕ್, ಒಂದೊಂದರಲ್ಲಿ 60 ಮನೆ, ಒಟ್ಟು 180 ಮನೆಗಳ ಅಪಾರ್ಟ್‌ಮೆಂಟ್. ಬ್ಲಾಕಿಗೊಂದು ಗ್ರೂಪ್ ಇದೆ. ಗಣೇಶನ ಹಬ್ಬಕ್ಕೊಂದು, ಹಳೇ ಸಾಮಾನು ಮಾರಲು ಒಂದು, ಸಂಘದ ಪದಾಧಿಕಾರಿಗಳಿಗೆ ಒಂದು ಗ್ರೂಪ್ ಬೇರೆ ಇವೆ. ಕಾರ್ಯದರ್ಶಿ New community ಒತ್ತಿ, ಹೆಸರು ಮತ್ತು ಚಿಕ್ಕ ವಿವರಣೆ ಬರೆದು, ಆಮೇಲೆ ಈಗಾಗಲೇ ಇರುವ ಗ್ರೂಪುಗಳನ್ನು ಒಂದೊಂದಾಗಿ ಸೇರಿಸಬಹುದು. ಇದಕ್ಕೆ ಎರಡು ಷರತ್ತುಗಳಿವೆ. ಸೇರಿಸುವವರು ಆ ಗ್ರೂಪಿನ ಅಡ್ಮಿನ್ ಆಗಿರಬೇಕು, ಮತ್ತು ಒಂದು ಗ್ರೂಪ್ ಒಂದೇ ಕಮ್ಯುನಿಟಿಯಲ್ಲಿ ಇರಬಹುದು. ಕೆಲಸ ಹತ್ತು ನಿಮಿಷದ್ದು. ಆದರೆ ಬಹಳ ಕಡೆ ಎಡವಟ್ಟಾಗುವುದು ಈ ಹತ್ತು ನಿಮಿಷಕ್ಕೆ ಮೊದಲು ಮಾಡದೆ ಬಿಟ್ಟ ಕೆಲಸದಿಂದ.

ಹಳೆಯ ಗ್ರೂಪನ್ನು ಸೇರಿಸಿದಾಗ ಅದರಲ್ಲಿರುವ ಅಷ್ಟೂ ಜನ Announcements ಗ್ರೂಪಿಗೂ ಬಂದುಬಿಡುತ್ತಾರೆ. ಎರಡು ವರ್ಷದ ಹಿಂದೆ ಮನೆ ಖಾಲಿ ಮಾಡಿದ ಬಾಡಿಗೆದಾರರು, ಫ್ಲ್ಯಾಟ್ ಮಾರಿ ಹೋದವರು, ಒಂದು ದಿನದ ಕೆಲಸಕ್ಕೆಂದು ಸೇರಿಸಿಕೊಂಡ ಎಲೆಕ್ಟ್ರಿಷಿಯನ್, ಎಲ್ಲರೂ ಅದರಲ್ಲಿರುತ್ತಾರೆ. ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ನಮ್ಮ ಉದಾಹರಣೆಯಲ್ಲಿ ಮನೆಗೆ ಹೆಚ್ಚೆಂದರೆ ಎರಡು ನಂಬರ್ ಎಂಬುದು ಸಂಘದ ನಿಯಮ ಎಂದುಕೊಳ್ಳಿ. ಅಂದರೆ 180 ಮನೆಗೆ 360 ನಂಬರ್ ಮೀರಬಾರದು. ಎ ಬ್ಲಾಕ್ ಗ್ರೂಪಿನಲ್ಲಿ 131, ಬಿಯಲ್ಲಿ 118, ಸಿಯಲ್ಲಿ 142 ಜನ ಇದ್ದರೆ ಕೂಡಿದಾಗ 391 ಆಯಿತು. ಯಾರೂ ಎರಡು ಬ್ಲಾಕಿನ ಗ್ರೂಪಿನಲ್ಲಿ ಇಲ್ಲ ಎಂದಾದರೆ, ಇರಬಾರದವರು ಕನಿಷ್ಠ 31 ಮಂದಿ ಇದ್ದಾರೆ. ಕನಿಷ್ಠ ಎನ್ನುವುದೇಕೆಂದರೆ ಎಷ್ಟೋ ಮನೆಗಳಿಂದ ಒಂದೇ ನಂಬರ್ ಇರುತ್ತದೆ. ಹಾಗಾಗಿ ಮೊದಲು ಫ್ಲ್ಯಾಟ್ ಪಟ್ಟಿ ಹಿಡಿದು ಒಬ್ಬೊಬ್ಬ ಬ್ಲಾಕ್ ಪ್ರತಿನಿಧಿ ತಮ್ಮ ಗ್ರೂಪನ್ನು ಶುಚಿ ಮಾಡಬೇಕು, ಆಮೇಲೆ ಸೇರಿಸಬೇಕು.

ಒಮ್ಮೆ ಹೀಗೆ ಸರಿಮಾಡಿಕೊಂಡರೆ ಮುಂದಿನ ದಾರಿ ಸಲೀಸು. ಯಾರಾದರೂ ಮನೆ ಖಾಲಿ ಮಾಡಿದಾಗ ಅಡ್ಮಿನ್ ಅವರನ್ನು ಕಮ್ಯುನಿಟಿಯಿಂದ ತೆಗೆದರೆ ಸಾಕು, ಅದರಡಿಯ ಎಲ್ಲ ಗ್ರೂಪುಗಳಿಂದಲೂ ಹೊರಹೋಗುತ್ತಾರೆ. ಮೊದಲಾದರೆ ಬ್ಲಾಕ್ ಗ್ರೂಪಿನಿಂದ ತೆಗೆದು, ಹಬ್ಬದ ಗ್ರೂಪಿನಿಂದ ತೆಗೆಯಲು ಮರೆಯುತ್ತಿದ್ದರು.

ಇನ್ನೊಂದು ವಿಷಯ ಪದಾಧಿಕಾರಿಗಳ ಗ್ರೂಪಿನದು. ಅದರಲ್ಲಿ ನಿರ್ವಹಣಾ ಶುಲ್ಕ ಬಾಕಿ ಉಳಿಸಿಕೊಂಡವರ ಪಟ್ಟಿ, ಸೆಕ್ಯುರಿಟಿ ಏಜೆನ್ಸಿಯ ದರ ಇಂಥ ಸಂಗತಿಗಳ ಚರ್ಚೆ ನಡೆಯುತ್ತದೆ. 'ಎಲ್ಲ ಗ್ರೂಪೂ ಒಂದೇ ಕಡೆ ಇರಲಿ' ಎಂದು ಅದನ್ನೂ ಸೇರಿಸುವ ಹುರುಪು ಸಹಜ. ಆದರೆ ಕಮ್ಯುನಿಟಿಯ ಗ್ರೂಪುಗಳು ಉಳಿದ ಸದಸ್ಯರ ಕಣ್ಣಿಗೆ ಬೀಳುವಂತೆ, ಅವರು ಸುಲಭವಾಗಿ ಸೇರಿಕೊಳ್ಳುವಂತೆ ಇರಬಹುದು. ಹಬ್ಬದ ಗ್ರೂಪಿಗೆ ಇದು ಅನುಕೂಲ. ಯಾರನ್ನೂ ಕೇಳದೆ ಬಂದು ಸೇರಲಿ. ಬ್ಲಾಕಿನ ಗ್ರೂಪಿಗೆ ಅಡ್ಮಿನ್ ಒಪ್ಪಿಗೆ ಬೇಕು ಎಂಬ ಸೆಟ್ಟಿಂಗ್ ಹಾಕಿಡುವುದು ಒಳ್ಳೆಯದು. ಪದಾಧಿಕಾರಿಗಳ ಗ್ರೂಪನ್ನಂತೂ ಹೊರಗೇ ಇಡಬೇಕು. ಅದರ ಒಂಬತ್ತು ಜನರಿಗೆ ಬೇಕಾದ ಸೂಚನೆಗಳು ಬ್ಲಾಕ್ ಗ್ರೂಪಿನ ಮೂಲಕ ಅವರಿಗೆ ಹೇಗೂ ಸಿಗುತ್ತವೆ.

ಹೆಣ್ಣುಮಕ್ಕಳು ಮತ್ತು ಹಿರಿಯರು ಮೊದಲು ಕೇಳುವುದು ಫೋನ್ ನಂಬರಿನ ಬಗ್ಗೆ. Announcements ಗ್ರೂಪಿನಲ್ಲಿ ಸಾಮಾನ್ಯ ಸದಸ್ಯರ ನಂಬರ್ ಕಾಣುವುದು ಅಡ್ಮಿನ್‌ಗಳಿಗೆ ಮತ್ತು ಆ ನಂಬರನ್ನು ಮೊದಲೇ ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಆದರೆ ಬ್ಲಾಕಿನ ಗ್ರೂಪಿನಲ್ಲಿ ಈ ರಕ್ಷಣೆ ಇಲ್ಲ. ಅಲ್ಲಿ ಮೊದಲಿನಂತೆ ಗ್ರೂಪಿನವರಿಗೆಲ್ಲ ನಂಬರ್ ಕಾಣುತ್ತದೆ. ನಂಬರ್ ಹಂಚಿಕೊಳ್ಳಲು ಇಷ್ಟವಿಲ್ಲದವರು ಬ್ಲಾಕ್ ಗ್ರೂಪ್ ಬಿಟ್ಟು ಕಮ್ಯುನಿಟಿಯಲ್ಲಿ ಉಳಿಯಬಹುದು, ನೀರಿನ ಸುದ್ದಿ ತಪ್ಪುವುದಿಲ್ಲ. ಕಮ್ಯುನಿಟಿಯನ್ನೇ ಬಿಟ್ಟರೆ ಮಾತ್ರ ಎಲ್ಲವೂ ಕೈತಪ್ಪುತ್ತದೆ. ಈ ವ್ಯತ್ಯಾಸವನ್ನು ಮೊದಲ ಸೂಚನೆಯಲ್ಲೇ ತಿಳಿಸಿಬಿಟ್ಟರೆ ಸಿಟ್ಟಿನಲ್ಲಿ ಹೊರಹೋಗುವವರು ಕಡಿಮೆಯಾಗುತ್ತಾರೆ.

ಇನ್ನು ಸೂಚನೆ ಬರೆಯುವ ರೀತಿ. "ನಾಳೆ ನೀರಿನ ಸಮಸ್ಯೆ ಇರಬಹುದು, ಸಹಕರಿಸಿ" ಎಂದು ಹಾಕಿದರೆ ಕಾರ್ಯದರ್ಶಿಗೆ ನಲವತ್ತು ಫೋನ್ ಕರೆ ಖಂಡಿತ. ಹೀಗೆ ಬರೆಯಬಹುದು: "ಬಿ ಬ್ಲಾಕ್: ಬುಧವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ನೀರಿಲ್ಲ. ಓವರ್‌ಹೆಡ್ ಟ್ಯಾಂಕ್ ತೊಳೆಯುತ್ತಾರೆ. ಮಂಗಳವಾರ ರಾತ್ರಿಯೇ ಹಿಡಿದಿಟ್ಟುಕೊಳ್ಳಿ. ಎ, ಸಿ ಬ್ಲಾಕಿಗೆ ತೊಂದರೆಯಿಲ್ಲ." ಯಾರಿಗೆ, ಯಾವಾಗ, ಏಕೆ, ಏನು ಮಾಡಬೇಕು ಎಲ್ಲ ನಾಲ್ಕೇ ಸಾಲಿನಲ್ಲಿ ಮುಗಿಯಿತು. ಓದಿದವರು ಹೆಬ್ಬೆರಳಿನ ಗುರುತು ಒತ್ತಿ ಗೊತ್ತಾಯಿತೆಂದು ತಿಳಿಸಬಹುದು. ಸೂಚನೆಗೆ ಉತ್ತರ ಬರೆಯುವ ಅವಕಾಶವೂ 2024ರಲ್ಲಿ ಬಂದಿದೆ. ಉತ್ತರಗಳು ಆ ಸೂಚನೆಯ ಅಡಿಯಲ್ಲೇ ಒಟ್ಟಾಗಿ ಕೂರುತ್ತವೆ, ಅವಕ್ಕಾಗಿ ಎಲ್ಲರ ಫೋನೂ ಬಡಿದುಕೊಳ್ಳುವುದಿಲ್ಲ.

ಈ ಗ್ರೂಪಿಗೆ ಬೆಲೆ ಉಳಿಯಬೇಕಾದರೆ ಅಡ್ಮಿನ್‌ಗಳೇ ಕೈ ಬಿಗಿಹಿಡಿಯಬೇಕು. ಹಬ್ಬದ ಶುಭಾಶಯ, ಅಧ್ಯಕ್ಷರ ಸನ್ಮಾನದ ಫೋಟೊ ಒಮ್ಮೆ ಬಂದರೆ ಜನ ಮ್ಯೂಟ್ ಮಾಡುತ್ತಾರೆ. ಆಮೇಲೆ ಲಿಫ್ಟ್ ಕೆಟ್ಟ ಸುದ್ದಿಯೂ ಸದ್ದಿಲ್ಲದೆ ಬಂದು ಬೀಳುತ್ತದೆ. ನೀರು, ವಿದ್ಯುತ್, ಲಿಫ್ಟ್, ಭದ್ರತೆ, ಶುಲ್ಕದ ಕೊನೆ ದಿನ, ಸಭೆ ಇಷ್ಟಕ್ಕೆ ಮಾತ್ರ Announcements ಎಂದು ಸಂಘದ ಸಭೆಯಲ್ಲೇ ತೀರ್ಮಾನಿಸಿ, ವಿವರಣೆಯಲ್ಲಿ ಬರೆದುಬಿಡಬೇಕು. ಅಡ್ಮಿನ್‌ಗಳು ಇಬ್ಬರು ಅಥವಾ ಮೂವರು ಇರಲಿ. ಒಬ್ಬರೇ ಇದ್ದರೆ ಅವರು ಊರಿಗೆ ಹೋದ ದಿನವೇ ಪೈಪ್ ಒಡೆಯುತ್ತದೆ. ಹತ್ತು ಜನರಿದ್ದರೆ ಹತ್ತು ಬಗೆಯ ಸೂಚನೆ ಬರುತ್ತದೆ. ಅವರೆಲ್ಲ ತಮ್ಮ ವಾಟ್ಸ್‌ಆ್ಯಪ್‌ನಲ್ಲಿ Two-step verification ಹಾಕಿಕೊಂಡಿರಲೇಬೇಕು. ಅಡ್ಮಿನ್ ಒಬ್ಬರ ಖಾತೆ ವಂಚಕರ ಕೈಸೇರಿದರೆ, "ಶುಲ್ಕ ಈ ಹೊಸ ಖಾತೆಗೆ ಕಟ್ಟಿ" ಎಂಬ ಸಂದೇಶ ಸಂಘದ ಹೆಸರಲ್ಲೇ 180 ಮನೆಗೂ ಒಂದೇ ಏಟಿಗೆ ಹೋಗುತ್ತದೆ. ಖಾತೆ ಬದಲಾವಣೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಎಂದೂ ತಿಳಿಸುವುದಿಲ್ಲ, ಸಹಿ ಮಾಡಿದ ನೋಟಿಸಿನಲ್ಲಷ್ಟೇ ತಿಳಿಸುತ್ತೇವೆ ಎಂದು ಸಂಘ ಮೊದಲೇ ಹೇಳಿಟ್ಟರೆ, ಅಂಥ ಸಂದೇಶ ಬಂದ ದಿನ ಯಾರೂ ಹಣ ಕಟ್ಟುವುದಿಲ್ಲ.