ಕರೆಂಟ್ ಬಿಲ್ ಮತ್ತೆ ಮತ್ತೆ ತಪ್ಪಾದರೆ ಅರ್ಜಿ ಬರೆಯುವುದು ಹೇಗೆ?

ಯಾದಗಿರಿ, ಶಹಾಪುರ, ಸುರಪುರದ ಕಡೆ ಬಿಲ್ ಜಾಸ್ತಿ ಬಂದರೆ ಮೊದಲು ಕೇಳಿಬರುವ ಮಾತು ‘ಮೀಟರ್ ಜೋರ ಓಡಾಕತ್ತೈತ್ರಿ’ ಎನ್ನುವುದು. ಆಮೇಲೆ ಒಬ್ಬೊಬ್ಬರದು ಒಂದೊಂದು ಸಲಹೆ. ಕಟ್ಟಲೇಬೇಡ ಎನ್ನುತ್ತಾರೆ ಕೆಲವರು, ಬಾಯಿ ಮುಚ್ಚಿಕೊಂಡು ಕಟ್ಟಿಬಿಡು ಎನ್ನುತ್ತಾರೆ ಇನ್ನು ಕೆಲವರು. ಬೆಂಗಳೂರಿಗೇ ಬರೆದುಬಿಡು ಎನ್ನುವವರೂ ಇದ್ದಾರೆ. ಒಂದು ತಿಂಗಳ ತಪ್ಪಾದರೆ ಇದರಲ್ಲಿ ಯಾವುದನ್ನು ಮಾಡಿದರೂ ಹೇಗೋ ನಡೆದುಹೋಗುತ್ತದೆ. ತಿಂಗಳು ತಿಂಗಳೂ ಅದೇ ತಪ್ಪು ಬರುತ್ತಿದ್ದರೆ ಮಾತ್ರ ಈ ಸಲಹೆಗಳೆಲ್ಲ ಕೈಕೊಡುತ್ತವೆ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮನೆ, ಅಂಕಿಗಳು ಕಲ್ಪಿತ, ತಪ್ಪಿನ ಬಗೆ ಮಾತ್ರ ಎಲ್ಲಿಯೂ ಆಗಬಹುದಾದದ್ದು.

ಶಹಾಪುರದಲ್ಲಿ ಒಂದೇ ಗೋಡೆಯ ಎರಡು ಮನೆ ಎಂದುಕೊಳ್ಳಿ. ಮೀಟರುಗಳು ಅಕ್ಕಪಕ್ಕದಲ್ಲೇ ಇವೆ. ಫೆಬ್ರವರಿ ಕೊನೆಗೆ ಎರಡೂ ಹಳೆಯ ಮೀಟರ್ ತೆಗೆದು ಹೊಸವನ್ನು ಕೂರಿಸಿದರು. ಮೊದಲ ಮನೆಗೆ ಗೃಹಜ್ಯೋತಿಯಲ್ಲಿ 79 ಯೂನಿಟ್ ಅರ್ಹತೆ ಇದೆ, ಅಲ್ಲಿಯವರೆಗೆ ಶೂನ್ಯ ಬಿಲ್ಲೇ ಬರುತ್ತಿತ್ತು. ಮಾರ್ಚ್‌ನಲ್ಲಿ ಬಂದದ್ದು 210 ಯೂನಿಟ್, 1,540 ರೂಪಾಯಿ. ಏಪ್ರಿಲ್‌ನಲ್ಲಿ 222 ಯೂನಿಟ್, 1,640 ರೂಪಾಯಿ. ಮೇ ತಿಂಗಳಲ್ಲಿ 244 ಯೂನಿಟ್, 1,780 ರೂಪಾಯಿ.

2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲೇ ಚಾಲನೆ ಸಿಕ್ಕ ಗೃಹಜ್ಯೋತಿಯ ಲೆಕ್ಕ ಗೊತ್ತಿರುವವರಿಗೆ ಈ ಏಟು ಅರ್ಥವಾಗುತ್ತದೆ. 2022-23ರ ಸರಾಸರಿ ಬಳಕೆಯ ಮೇಲೆ ಸಾಮಾನ್ಯವಾಗಿ ಶೇ. 10 ಸೇರಿಸಿ ಅರ್ಹತೆ ಗೊತ್ತುಮಾಡುತ್ತಾರೆ. ಅದನ್ನು ದಾಟಿದರೆ ಹೆಚ್ಚಾದ ಯೂನಿಟ್ಟಿಗಷ್ಟೇ ಹಣ. ಆದರೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನು ಗ್ರಾಹಕರೇ ಕಟ್ಟಬೇಕು. ಹಾಗಾಗಿ ರೀಡಿಂಗ್ ತಪ್ಪಿದರೆ ಬಿಲ್ ಸ್ವಲ್ಪ ಏರುವುದಿಲ್ಲ, ಸೊನ್ನೆಯಿಂದ ನೇರ ಸಾವಿರಕ್ಕೆ ಜಿಗಿಯುತ್ತದೆ.

‘ಮೀಟರೇ ಸರಿ ಇಲ್ಲ, ಟೆಸ್ಟ್ ಮಾಡಸ್ರಿ’

ಇಂಥ ಮನೆಯವರು ಬರೆಯುವ ಮೊದಲ ಅರ್ಜಿ ಸಾಮಾನ್ಯವಾಗಿ ಇದೇ, ಎಡವುವುದೂ ಇಲ್ಲೇ. ಟೆಸ್ಟಿಗೆ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಮೀಟರಿನಲ್ಲಿ ದೋಷವೇ ಇಲ್ಲದಿದ್ದರೆ ‘ಮೀಟರ್ ಸರಿ ಇದೆ’ ಎಂದು ವರದಿ ಬರುತ್ತದೆ, ದೂರು ಅಲ್ಲಿಗೆ ಮುಗಿಯುತ್ತದೆ. ಮೀಟರ್ ಸರಿಯಾಗಿಯೇ ಇರಬಹುದು, ನಿಮ್ಮ ಹೆಸರಿನಲ್ಲಿ ಓದುತ್ತಿರುವುದು ಪಕ್ಕದ ಮನೆಯದಾಗಿರಬಹುದು. ಹೊಸ ಮೀಟರ್ ಕೂರಿಸುವಾಗ ಎರಡು ಆರ್.ಆರ್. ಸಂಖ್ಯೆಗಳು ಅದಲುಬದಲಾದರೆ ಹೀಗಾಗುತ್ತದೆ. ಬಿಲ್ ಕೊಡಲು ಬರುವವರು ಮೀಟರಿನ ಮೇಲೆ ಬರೆದ ಸಂಖ್ಯೆ ನೋಡಿ ಯಂತ್ರಕ್ಕೆ ಅಂಕಿ ಒತ್ತುತ್ತಾರೆ. ಅವರ ಮಟ್ಟಿಗೆ ಅವರು ಓದಿದ್ದು ಸರಿ.

ಇದನ್ನು ಪತ್ತೆಮಾಡಲು ಎಂಜಿನಿಯರ್ ಬೇಕಿಲ್ಲ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿಣುಕುವ ಒಂದು ಸಣ್ಣ ಕೆಂಪು ದೀಪವಿರುತ್ತದೆ. ಪಕ್ಕದಲ್ಲಿ ‘3200 imp/kWh’ ಎಂಬಂಥ ಅಂಕಿ ಅಚ್ಚಾಗಿರುತ್ತದೆ, ಅಂದರೆ ಒಂದು ಯೂನಿಟ್ಟಿಗೆ 3,200 ಸಲ ಮಿಣುಕು. ಪಕ್ಕದ ಮನೆಯವರನ್ನೂ ಕರೆದು ನಿಲ್ಲಿಸಿಕೊಂಡು ನಿಮ್ಮ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಯಾವ ಮೀಟರಿನ ದೀಪ ಮಿಣುಕುವುದು ನಿಂತಿತೋ ಅದೇ ನಿಮ್ಮ ಮೀಟರ್. ಅದರ ಸರಣಿ ಸಂಖ್ಯೆ, ಅದರಲ್ಲಿ ಕಾಣುವ ರೀಡಿಂಗ್ ಎರಡೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆಯಿರಿ. ಆಮೇಲೆ ಬಿಲ್ಲಿನ ‘ಪ್ರಸ್ತುತ ರೀಡಿಂಗ್’ ಜೊತೆ ಹೋಲಿಸಿ. ಸೀಲ್ ಮಾತ್ರ ಮುಟ್ಟಬೇಡಿ. ಸೀಲ್ ಒಡೆದಿದ್ದರೆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವಾಗುತ್ತೀರಿ.

ನಮ್ಮ ಉದಾಹರಣೆಯ ಮನೆಯ ಮೀಟರ್ 4417ಕ್ಕೆ ಕೊನೆಯಾಗುತ್ತದೆ, ಮೇ ಬಿಲ್ ಬಂದ ದಿನ ಅದರಲ್ಲಿದ್ದದ್ದು 222. ಬಿಲ್ಲಿನಲ್ಲಿದ್ದದ್ದು 676, ಅಂದರೆ 4418ಕ್ಕೆ ಕೊನೆಯಾಗುವ ಪಕ್ಕದ ಮೀಟರಿನ ಅಂಕಿ. ಮೂರು ತಿಂಗಳಲ್ಲಿ ಈ ಮನೆ ಉರಿಸಿದ್ದೇ 222 ಯೂನಿಟ್. ತಿಂಗಳಿಗೆ 74 ಬಿತ್ತು, ಅರ್ಹತೆಯ ಒಳಗೇ ಇದೆ.

‘ಕೌಂಟರಿನ್ಯಾಗ ಹೇಳೀವಿ, ಸರಿ ಮಾಡ್ತಾರ’

ಕೌಂಟರಿನಲ್ಲಿ ಕೂತವರಿಗೆ ಕಾಣುವುದು ಕಟ್ಟಬೇಕಾದ ಮೊತ್ತ. ಅವರು ಉಪವಿಭಾಗದ ಕಂದಾಯ ಶಾಖೆಗೆ ಕಳಿಸಿ, ಅಲ್ಲಿ ಬಿಲ್ ಪರಿಷ್ಕರಿಸಿಕೊಟ್ಟರು ಎಂದೇ ಇಟ್ಟುಕೊಳ್ಳಿ. ಸರಿಯಾದದ್ದು ಆ ತಿಂಗಳ ಬಿಲ್ ಮಾತ್ರ. ದಾಖಲೆಯಲ್ಲಿ ಆರ್.ಆರ್. ಸಂಖ್ಯೆಗೂ ಮೀಟರಿಗೂ ಇರುವ ಜೋಡಣೆ ತಪ್ಪಾಗಿಯೇ ಉಳಿದಿರುತ್ತದೆ, ಮುಂದಿನ ತಿಂಗಳು ಅದೇ ಬಿಲ್ ಮತ್ತೆ ಬಾಗಿಲಿಗೆ ಬರುತ್ತದೆ. ಬಾಯಿಮಾತಿನ ಇನ್ನೊಂದು ತೊಂದರೆ, ಅದಕ್ಕೆ ಗುರುತು ಉಳಿಯುವುದಿಲ್ಲ. 1912ಕ್ಕೆ ಫೋನ್ ಮಾಡಿದರೆ ಕನಿಷ್ಠ ಒಂದು ದೂರು ಸಂಖ್ಯೆ ಸಿಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ, ಅರ್ಜಿಯಲ್ಲಿ ಬೇಕಾಗುತ್ತದೆ.

‘ನಮ್ಮ ಕಷ್ಟ ಎಲ್ಲಾ ಬರದ್ರ ಕನಿಕರ ಬರ್ತೈತಿ’

ಮಳೆ ಕೈಕೊಟ್ಟದ್ದು, ಮಗ ಬೆಂಗಳೂರಿಗೆ ದುಡಿಯಲು ಹೋದದ್ದು, ಸಿಬ್ಬಂದಿ ಸರಿಯಾಗಿ ಮಾತಾಡದಿದ್ದದ್ದು ಎಲ್ಲ ನಿಜವೇ ಇರಬಹುದು. ಆದರೆ ಬಿಲ್ ತಿದ್ದುವವರಿಗೆ ಕನಿಕರದ ಮೇಲೆ ತಿದ್ದುವ ಅಧಿಕಾರವಿಲ್ಲ, ಅಂಕಿಯ ಮೇಲೆ ತಿದ್ದುವ ಅಧಿಕಾರವಿದೆ. ನಿಮ್ಮ ಮನೆಯನ್ನೇ ನೋಡದ ಒಬ್ಬರು ಮೇಜಿನ ಮೇಲೆ ಕಾಗದ ಇಟ್ಟುಕೊಂಡು ತಾಳೆ ನೋಡುವಂತಿರಬೇಕು ಅರ್ಜಿ. ಹಾಗೆಯೇ ‘ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬ ಸಾಲು ನಮ್ಮ ಅರ್ಜಿಗಳಿಗೆ ಅಂಟಿದ ಚಟ. ಸೂಕ್ತವೆಂದರೆ ಏನು ಎಂದು ನೀವೇ ಹೇಳದಿದ್ದರೆ, ‘ಪರಿಶೀಲಿಸಲಾಗಿದೆ’ ಎಂಬ ಉತ್ತರವೂ ಸೂಕ್ತ ಕ್ರಮವೇ ಆಗಿಬಿಡುತ್ತದೆ. ಇಂಗ್ಲಿಷ್ ಬೇಕಿಲ್ಲ, ವಕೀಲರೂ ಬೇಕಿಲ್ಲ. ಒಂದು ಪುಟ ಸಾಕು:

ಇವರಿಗೆ,
ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್,
ಜೆಸ್ಕಾಂ ಉಪವಿಭಾಗ, ಶಹಾಪುರ.

ವಿಷಯ: ಆರ್.ಆರ್. ಸಂಖ್ಯೆ ……, ಮಾರ್ಚ್, ಏಪ್ರಿಲ್, ಮೇ ಬಿಲ್ಲುಗಳಲ್ಲಿ ಬೇರೆ ಮೀಟರಿನ ರೀಡಿಂಗ್ ನಮೂದಾಗಿರುವ ಬಗ್ಗೆ.

ಮಾನ್ಯರೇ,
ನನ್ನ ಮನೆಗೆ ಫೆಬ್ರವರಿ ಕೊನೆಯಲ್ಲಿ ಹೊಸ ಮೀಟರ್ ಅಳವಡಿಸಲಾಗಿದೆ. ಸರಣಿ ಸಂಖ್ಯೆಯ ಕೊನೆಯ ಅಂಕಿಗಳು 4417. ದಿನಾಂಕ …… ರಂದು ಅದರ ರೀಡಿಂಗ್ 222 ಇತ್ತು. ಅದೇ ದಿನದ ಬಿಲ್ಲಿನಲ್ಲಿ 676 ಎಂದಿದೆ. ಇದು ಪಕ್ಕದ, 4418ಕ್ಕೆ ಕೊನೆಯಾಗುವ ಮೀಟರಿನ ರೀಡಿಂಗ್. ನನ್ನ ಮೇನ್ ಸ್ವಿಚ್ ಆಫ್ ಮಾಡಿದಾಗ 4417ರ ದೀಪ ಮಾತ್ರ ನಿಲ್ಲುತ್ತದೆ. 1912ಕ್ಕೆ ನೀಡಿದ ದೂರಿನ ಸಂಖ್ಯೆ ……. ಮೂರೂ ಬಿಲ್ಲು, ಎರಡು ಮೀಟರುಗಳ ಫೋಟೊ ಲಗತ್ತಿಸಿದ್ದೇನೆ.
ನನ್ನ ಕೋರಿಕೆ: ಸ್ಥಳ ಪರಿಶೀಲಿಸಿ ದಾಖಲೆಯಲ್ಲಿ ಮೀಟರ್ ಸಂಖ್ಯೆ ಸರಿಪಡಿಸಬೇಕು. ಮೂರು ತಿಂಗಳ ಬಿಲ್ಲನ್ನು ನನ್ನ ಮೀಟರಿನ ರೀಡಿಂಗ್ ಮೇಲೆ, ಗೃಹಜ್ಯೋತಿ ಅರ್ಹತೆಯೊಂದಿಗೆ ಪರಿಷ್ಕರಿಸಬೇಕು. ಹೆಚ್ಚಾಗಿ ಕಟ್ಟಿದ ಹಣವನ್ನು ಖಾತೆಗೆ ಜಮಾ ಮಾಡಬೇಕು. ಮುಂದಿನ ಬಿಲ್ಲಿಗೆ ಹಿಂದಿನ ರೀಡಿಂಗ್ 222 ಎಂದು ನಮೂದಿಸಬೇಕು. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕು.

ಎರಡು ಪ್ರತಿ ಒಯ್ಯಿರಿ. ಆವಕ ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

‘ತಪ್ಪು ಬಿಲ್ ಕಟ್ಟಿದ್ರ ಒಪ್ಕೊಂಡಂಗ’

ಕಟ್ಟದೆ ಕೂತರೆ ಲೈನ್ ಕಟ್ ಆಗುವ ಭಯ, ಕಟ್ಟಿದರೆ ಹಕ್ಕು ಹೋಯಿತೆಂಬ ಭಯ. ವಿದ್ಯುತ್ ಕಾಯ್ದೆ 2003ರ 56ನೇ ಕಲಂ ಈ ಎರಡರ ನಡುವೆ ಒಂದು ದಾರಿ ಇಟ್ಟಿದೆ. ಮೊದಲನೆಯದಾಗಿ, ಬಾಕಿಗಾಗಿ ಸಂಪರ್ಕ ಕಡಿಯಬೇಕಾದರೆ ಲಿಖಿತ ನೋಟಿಸ್ ಕೊಟ್ಟು ಪೂರ್ತಿ 15 ದಿನ ಬಿಡಬೇಕು. ಎರಡನೆಯದಾಗಿ, ಬಿಲ್ಲಿನ ಬಗ್ಗೆ ವಿವಾದವಿದ್ದಾಗ ಗ್ರಾಹಕರು ‘ಆಕ್ಷೇಪಣೆಗೆ ಒಳಪಟ್ಟು’ ಹಣ ಕಟ್ಟಿದರೆ, ವಿವಾದ ತೀರುವವರೆಗೆ ಕಡಿಯುವಂತಿಲ್ಲ. ಎಷ್ಟು ಕಟ್ಟಬೇಕು? ಬಿಲ್ಲಿನಲ್ಲಿ ಕೇಳಿದ ಮೊತ್ತ ಒಂದು, ಹಿಂದಿನ ಆರು ತಿಂಗಳಲ್ಲಿ ಕಟ್ಟಿದ ಹಣದ ಸರಾಸರಿಯಂತೆ ಲೆಕ್ಕ ಹಾಕಿದ್ದು ಇನ್ನೊಂದು, ಎರಡರಲ್ಲಿ ಯಾವುದು ಕಡಿಮೆಯೋ ಅದು.

ನಮ್ಮ ಮನೆಯ ಮೇ ಬಿಲ್ಲಿಗೆ ಇದನ್ನು ಹಚ್ಚಿ ನೋಡಿ. ನವೆಂಬರಿನಿಂದ ಫೆಬ್ರವರಿವರೆಗೆ ನಾಲ್ಕು ತಿಂಗಳು ಸೊನ್ನೆ. ಮಾರ್ಚ್‌ಗೆ ಕಟ್ಟಿದ್ದು 1,540, ಏಪ್ರಿಲ್‌ಗೆ 1,640, ಎರಡೂ ಸೇರಿ 3,180. ಆರರಿಂದ ಭಾಗಿಸಿದರೆ 530 ರೂಪಾಯಿ. ಕೇಳಿರುವುದು 1,780. ಕಟ್ಟಬೇಕಾದದ್ದು 530.

ಕಾಗದದ ಮೇಲೆ ಇಷ್ಟು ಸಲೀಸು. ಆನ್‌ಲೈನಿನಲ್ಲಿ ಕಟ್ಟುವಾಗ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆಯಲು ಜಾಗವಿಲ್ಲ. ಆದ್ದರಿಂದ ಮೊದಲು ಅರ್ಜಿ, ಆಮೇಲೆ ಹಣ ಎಂಬ ಕ್ರಮ ಬಿಡಬೇಡಿ. ಅರ್ಜಿಯಲ್ಲೇ ‘56ನೇ ಕಲಮಿನಂತೆ 530 ರೂಪಾಯಿಯನ್ನು ಆಕ್ಷೇಪಣೆಗೆ ಒಳಪಟ್ಟು ಕಟ್ಟುತ್ತಿದ್ದೇನೆ’ ಎಂಬ ಸಾಲು ಮತ್ತು ಲೆಕ್ಕ ಸೇರಿಸಿ, ಮೊಹರಾದ ಪ್ರತಿ ಹಿಡಿದು ಕೌಂಟರಿಗೆ ಹೋಗಿ. ಭಾಗಶಃ ಹಣ ತೆಗೆದುಕೊಳ್ಳಲು ಅಧಿಕಾರಿಯ ಅನುಮತಿ ಬೇಕೆಂದರೆ ಅದನ್ನೂ ಬರವಣಿಗೆಯಲ್ಲಿ ಕೇಳಿ. ಲೈನ್ ಕಟ್ ಆಗದಿದ್ದರೆ ಸಾಕು ಎಂದು ಪೂರ್ತಿ ಕಟ್ಟುವವರೂ ಈ ಸಾಲು ಬರೆದೇ ಕಟ್ಟಬೇಕು.

‘ಸಣ್ಣ ಆಫೀಸ್ ಯಾಕ, ನೇರ ಕೆಇಆರ್‌ಸಿಗೇ ಬರೀರಿ’

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಗೊತ್ತುಮಾಡುತ್ತದೆ, ನಿಯಮ ಮಾಡುತ್ತದೆ. ಒಬ್ಬೊಬ್ಬರ ಬಿಲ್ ತಿದ್ದುವುದು ಅದರ ಕೆಲಸವಲ್ಲ. ಮೊಬೈಲ್ ಬಿಲ್ಲಿಗೆ ಟ್ರಾಯ್‌ಗೆ ಬರೆಯುವವರದೂ ಇದೇ ಕಥೆ, ಒಬ್ಬೊಬ್ಬರ ದೂರನ್ನು ಅದೂ ತೀರ್ಮಾನಿಸುವುದಿಲ್ಲ. ಉಪವಿಭಾಗದಿಂದ ಉತ್ತರ ಬರಲಿಲ್ಲ, ಬಂದದ್ದು ಒಪ್ಪಿಗೆಯಾಗಲಿಲ್ಲ ಎಂದರೆ ಮುಂದಿನ ಮೆಟ್ಟಿಲು ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ. ವಿದ್ಯುತ್ ಕಾಯ್ದೆಯ 42ನೇ ಕಲಮಿನಂತೆ ಪ್ರತಿ ವಿತರಣಾ ಕಂಪನಿಯೂ ಇಂಥ ವೇದಿಕೆ ಇಟ್ಟಿರಲೇಬೇಕು. ಅಲ್ಲಿಯೂ ಸರಿಹೋಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್. ಎರಡೂ ಕಡೆ ಮೊದಲು ಕೇಳುವುದು ನೀವು ಕಂಪನಿಗೆ ಬರೆದದ್ದರ ದಾಖಲೆ, ಆ ಮೊಹರಿನ ಪ್ರತಿ ಆಗ ಕೈಯಲ್ಲಿರಬೇಕು. ಒಂದು ಮಿತಿ ಮಾತ್ರ ಗೊತ್ತಿರಲಿ: ಅನಧಿಕೃತ ಬಳಕೆ, ಕಳವು ಎಂದು ಹಾಕಿದ ದಂಡದ ಬಿಲ್ಲುಗಳಿಗೆ ದಾರಿ ಬೇರೆ, ಅವು ಈ ವೇದಿಕೆಗೆ ಬರುವುದಿಲ್ಲ.

ಇನ್ನು ಪಕ್ಕದ ಮನೆ. ಅವರಿಗೆ ಮೂರು ತಿಂಗಳು ನಿಮ್ಮ ಬಳಕೆಯ ಬಿಲ್ ಬಂದಿದೆ, ಬಹುಶಃ ಶೂನ್ಯ. ದಾಖಲೆ ಸರಿಯಾದ ದಿನ ಅವರ ಮೂರು ತಿಂಗಳ ಬಿಲ್ಲೂ ಪರಿಷ್ಕರಣೆಯಾಗಿ ಒಟ್ಟಿಗೆ ಬೀಳಬಹುದು. ಅವರು ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಅದಕ್ಕೆ ಇದೇ ಕಾರಣ. ತಡವಾದಷ್ಟೂ ಅವರ ಮೇಲೆ ಬೀಳುವ ಗಂಟು ದೊಡ್ಡದಾಗುತ್ತದೆ ಎಂದು ಹೇಳಿ ನೋಡಿ, ಜಂಟಿ ಅರ್ಜಿಯಾದರೆ ಸ್ಥಳ ಪರಿಶೀಲನೆಯೂ ಒಂದೇ ಸಲಕ್ಕೆ ಮುಗಿಯುತ್ತದೆ.

ಅರ್ಜಿಯಲ್ಲಿ ‘ಹಿಂದಿನ ರೀಡಿಂಗ್ 222’ ಎಂದು ಕೇಳಿದ್ದೇಕೆ ಎಂಬುದು ಜೂನ್ ಬಿಲ್ಲಿನಲ್ಲಿ ತಿಳಿಯುತ್ತದೆ. ಮೀಟರ್ ಸಂಖ್ಯೆ ಸರಿಮಾಡಿ ಹಳೆಯ 676ನ್ನು ಹಾಗೆಯೇ ಬಿಟ್ಟರೆ, ನಿಮ್ಮ ಮೀಟರಿನ ಜೂನ್ ರೀಡಿಂಗ್, 297 ಎಂದುಕೊಳ್ಳಿ, ಅದಕ್ಕಿಂತ ಕಡಿಮೆಯಾಗುತ್ತದೆ. ಹಿಂದಕ್ಕೆ ಓಡುವ ಮೀಟರನ್ನು ಬಿಲ್ಲಿನ ಲೆಕ್ಕ ಒಪ್ಪುವುದಿಲ್ಲ. ಆಗ ಸರಾಸರಿ ಬಿಲ್ ಬರಬಹುದು, ಆ ಸರಾಸರಿಯಲ್ಲಿ ಮೂರು ತಿಂಗಳ ತಪ್ಪು ಅಂಕಿಗಳೂ ಸೇರಿಕೊಳ್ಳಬಹುದು. ಆದ್ದರಿಂದ ಜೂನ್ ಬಿಲ್ ಕೈಗೆ ಬಂದ ಕೂಡಲೇ ಮೊತ್ತಕ್ಕಿಂತ ಮೊದಲು ನೋಡಬೇಕಾದದ್ದು ಹಿಂದಿನ ರೀಡಿಂಗಿನ ಮನೆ: ಅಲ್ಲಿ 222 ಇರಬೇಕು, ಪ್ರಸ್ತುತ ರೀಡಿಂಗಿನಲ್ಲಿ 4417ರ ಅಂಕಿ ಇರಬೇಕು.