ಮೂರು ಚುಕ್ಕೆಗೆ ಮುಂಚೆ ಏನು ಬರೆಯಬೇಕು?

ರೀಲ್ಸ್ ನೋಡುವಾಗ ವಿಡಿಯೋದ ಅಡಿಯಲ್ಲಿ, ಖಾತೆಯ ಹೆಸರಿನ ಕೆಳಗೆ, ಒಂದೇ ಒಂದು ಸಾಲು ಬರಹ ಕಾಣುತ್ತದೆ. ಅದರ ಕೊನೆಗೆ ಮೂರು ಚುಕ್ಕೆ. ಅಲ್ಲಿ ಬೆರಳು ಒತ್ತಿದವರಿಗೆ ಮಾತ್ರ ಉಳಿದ ಬರಹ ತೆರೆದುಕೊಳ್ಳುತ್ತದೆ. ಇನ್‌ಸ್ಟಾಗ್ರಾಂ ಒಂದು ಕ್ಯಾಪ್ಷನ್‌ಗೆ 2,200 ಅಕ್ಷರ ಕೊಟ್ಟಿದೆ ಎಂಬುದು ಕಾಗದದ ಮೇಲಿನ ಲೆಕ್ಕ. ಬರೆಯುವವರ ಪಾಲಿಗೆ ನಿಜವಾದ ಮಿತಿ ಆ ಮೊದಲ ಸಾಲು. ಫೋನಿನ ಅಗಲ, ಅಕ್ಷರದ ಗಾತ್ರ ನೋಡಿಕೊಂಡು ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಕನ್ನಡದಲ್ಲಿ ನಾಲ್ಕೈದು ಪದಕ್ಕಿಂತ ಹೆಚ್ಚನ್ನು ನೆಚ್ಚಿಕೊಳ್ಳುವಂತಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ, ಈ ಲೇಖನದ ಮುಖ್ಯ ವಿಷಯವೂ ಅದೇ. ನಮ್ಮ ವಾಕ್ಯದ ಭಾರವೆಲ್ಲ ಕೊನೆಯಲ್ಲಿರುತ್ತದೆ. ಯಾರು, ಎಲ್ಲಿ, ಯಾವಾಗ, ಯಾವುದನ್ನು ಎಂದೆಲ್ಲ ಹೇಳಿ ಮುಗಿದ ಮೇಲೆ ಕ್ರಿಯಾಪದ ಬರುತ್ತದೆ, ಆಗಲೇ ಮಾತು ಪೂರ್ತಿಯಾಗುವುದು. ಪರದೆಯಾದರೋ ವಾಕ್ಯದ ಬಾಲವನ್ನೇ ಕತ್ತರಿಸುತ್ತದೆ. ಹಾಗಾಗಿ ವ್ಯಾಕರಣದಲ್ಲಿ ಒಂದಿಷ್ಟೂ ತಪ್ಪಿಲ್ಲದ, ಸೊಗಸಾದ ಕನ್ನಡ ವಾಕ್ಯವೂ ನೋಡುಗರ ಕಣ್ಣಿಗೆ ಏನೂ ಹೇಳದ ತುಂಡಾಗಿ ಬೀಳುತ್ತದೆ.

ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಕಲಬುರಗಿಯ ಕಡೆಯ ಗೃಹಿಣಿಯೊಬ್ಬರು ಜೋಳದ ರೊಟ್ಟಿ ಬಡಿಯುವ ನಲವತ್ತು ಸೆಕೆಂಡಿನ ವಿಡಿಯೋ ಮಾಡಿದ್ದಾರೆ ಎಂದುಕೊಳ್ಳಿ. ಕೈಚಳಕ ಚೆನ್ನಾಗಿದೆ, ಬೆಳಕು ಚೆನ್ನಾಗಿದೆ. ಕ್ಯಾಪ್ಷನ್ ಹೀಗಿದೆ:

ನಮಸ್ಕಾರ ಸ್ನೇಹಿತರೇ, ಇವತ್ತಿನ ವಿಡಿಯೋದಲ್ಲಿ ನಾನು ನಿಮಗೆ ನಮ್ಮ ಉತ್ತರ ಕರ್ನಾಟಕದ ಸ್ಪೆಷಲ್ ಜೋಳದ ರೊಟ್ಟಿಯನ್ನು ಅಂಚು ಒಡೆಯದ ಹಾಗೆ ಮಾಡುವುದು ಹೇಗೆ ಅಂತ ತೋರಿಸಿಕೊಡ್ತೀನಿ.

ಪರದೆಯ ಮೇಲೆ ಉಳಿಯುವುದು ‘ನಮಸ್ಕಾರ ಸ್ನೇಹಿತರೇ, ಇವತ್ತಿನ ವಿಡಿಯೋದಲ್ಲಿ…’ ಎಂಬಷ್ಟೇ. ಅದು ಅಡುಗೆಯೋ, ಪ್ರವಾಸವೋ, ಷೇರು ಮಾರುಕಟ್ಟೆಯೋ ಗೊತ್ತಾಗುವುದಿಲ್ಲ. ಈ ವಿಡಿಯೋದ ನಿಜವಾದ ಬೆಲೆ ಇರುವುದು ‘ಅಂಚು ಒಡೆಯದ ಹಾಗೆ’ ಎಂಬ ಮಾತಿನಲ್ಲಿ. ರೊಟ್ಟಿ ಬಡಿಯಲು ಕಲಿಯುವ ಪ್ರತಿಯೊಬ್ಬರನ್ನೂ ಕಾಡುವ ತೊಂದರೆ ಅದು. ಅದೇ ಮರೆಯಾಗಿಬಿಟ್ಟಿದೆ. ನಮಸ್ಕಾರ ಹೇಳುವುದು ನಮ್ಮ ಸಂಸ್ಕಾರ, ಒಪ್ಪಿದೆ. ಅದನ್ನು ವಿಡಿಯೋದಲ್ಲಿ ಬಾಯ್ತುಂಬ ಹೇಳಬಹುದು, ಕ್ಯಾಪ್ಷನ್‌ನ ಮೊದಲ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ.

ಇದೇ ಸಾಲನ್ನು ಹೀಗೆ ಬರೆಯಬಹುದು:

ಜೋಳದ ರೊಟ್ಟಿ ಅಂಚು ಒಡೀತಿದ್ಯಾ? ಹಿಟ್ಟಲ್ಲ, ನೀರು ನೋಡಿ.

ಮೊದಲ ಎರಡು ಪದದಲ್ಲೇ ವಿಷಯ ಬಂತು. ನಾಲ್ಕನೆಯ ಪದಕ್ಕೆ ಒಂದು ಇಡೀ ವಾಕ್ಯ ಕ್ರಿಯಾಪದದ ಸಮೇತ ಮುಗಿಯಿತು. ಸಣ್ಣ ಪರದೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಕತ್ತರಿ ಬಿದ್ದರೂ ಉಳಿದದ್ದು ಪೂರ್ಣವಾದ ಮಾತು. ಪರದೆ ಅಗಲವಿದ್ದರೆ ಎರಡನೆಯ ವಾಕ್ಯವೂ ಕಾಣುತ್ತದೆ. ಹಿಟ್ಟಿನ ಮೇಲೆ ತಪ್ಪು ಹೊರಿಸಿ ಕುಳಿತವರಿಗೆ ಅದು ಹೊಸ ಸುಳಿವು ಕೊಡುತ್ತದೆ. ವಾಕ್ಯವನ್ನು ಚಿಕ್ಕದು ಮಾಡಿ ಕ್ರಿಯಾಪದವನ್ನು ಸಾಲಿನೊಳಗೆ ತರುವುದು ಒಂದು ದಾರಿ. ಇನ್ನೊಂದು ದಾರಿ ನಮ್ಮ ಆಡುಮಾತಿನಲ್ಲಿಯೇ ಇದೆ. ‘ಬಂತು ನೋಡಿ ಮಳೆ’, ‘ಹಾಕಲೇಬೇಡಿ ಸೋಡಾ’ ಎಂದು ನಾವು ದಿನವೂ ಕ್ರಿಯಾಪದವನ್ನು ಮುಂದೆ ತಂದು ಮಾತಾಡುತ್ತೇವೆ. ಬರೆಯಲು ಕುಳಿತಾಗ ಮಾತ್ರ ಶಾಲೆಯ ಪ್ರಬಂಧದ ಕ್ರಮ ನೆನಪಾಗುತ್ತದೆ. ಕ್ಯಾಪ್ಷನ್‌ಗೆ ಒಗ್ಗುವುದು ಆಡುಮಾತಿನ ಕ್ರಮ.

ಕುತೂಹಲ ಹುಟ್ಟಿಸುವ ಸಾಲು ಎಂದ ಕೂಡಲೇ ಕೆಲವರು ‘ಇದನ್ನು ನೋಡಿದರೆ ಬೆಚ್ಚಿಬೀಳ್ತೀರಾ’, ‘ಕೊನೆವರೆಗೂ ನೋಡಿ’ ಎಂದು ಬರೆಯುತ್ತಾರೆ. ಯಾವ ವಿಡಿಯೋದ ಕೆಳಗೆ ಅಂಟಿಸಿದರೂ ಹೊಂದುವ ಸಾಲು ಯಾವ ವಿಡಿಯೋದ ಬಗ್ಗೆಯೂ ಏನೂ ಹೇಳುವುದಿಲ್ಲ. ಒಳ್ಳೆಯ ಮೊದಲ ಸಾಲು ವಿಷಯವನ್ನು ಬಿಟ್ಟುಕೊಡುತ್ತದೆ, ಉತ್ತರವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಆ ಉತ್ತರ ವಿಡಿಯೋದಲ್ಲಿ ಇರಲೇಬೇಕು. ನೀರಿನ ವಿಷಯ ಎಂದು ಹೇಳಿ ನೀರು ಕುದಿಯುವುದನ್ನೇ ತೋರಿಸದಿದ್ದರೆ ನೋಡುಗರು ಅರ್ಧಕ್ಕೇ ಜಾರಿಕೊಳ್ಳುತ್ತಾರೆ. ಎಷ್ಟು ಹೊತ್ತು ನೋಡಿದರು ಎಂಬುದನ್ನು ಗಮನಿಸಿಯೇ ಈ ಆ್ಯಪ್‌ಗಳು ವಿಡಿಯೋವನ್ನು ಇನ್ನಷ್ಟು ಜನರ ಮುಂದೆ ತರುವುದರಿಂದ ಪೆಟ್ಟು ಬೀಳುವುದು ಆ ವಿಡಿಯೋಗೇ.

ಇನ್ನು ಅಕ್ಷರಗಳ ಲೆಕ್ಕ. ನಾವು ‘ರೊಟ್ಟಿ’ ಎಂಬುದನ್ನು ಎರಡು ಅಕ್ಷರ ಎಂದು ಎಣಿಸುತ್ತೇವೆ: ರೊ, ಟ್ಟಿ. ಯಂತ್ರ ಹಾಗೆ ಎಣಿಸುವುದಿಲ್ಲ. ಯೂನಿಕೋಡ್‌ನಲ್ಲಿ ರ ಒಂದು, ಅದರ ಒಕಾರ ಒಂದು, ಟ ಒಂದು, ಅರ್ಧಾಕ್ಷರ ಮಾಡುವ ಚಿಹ್ನೆ ಒಂದು, ಎರಡನೆಯ ಟ ಒಂದು, ಗುಡಿಸು ಒಂದು, ಒಟ್ಟು 6. ‘ಜೋಳದ ರೊಟ್ಟಿ’ ಎಂದರೆ ನಡುವಿನ ಖಾಲಿ ಜಾಗವೂ ಸೇರಿ 11. ಒತ್ತಕ್ಷರ ಹೆಚ್ಚಿದಷ್ಟೂ ಲೆಕ್ಕ ಬೇಗ ತುಂಬುತ್ತದೆ. ಇನ್‌ಸ್ಟಾಗ್ರಾಂನ 2,200ರಲ್ಲಿ ಇದು ಅಷ್ಟಾಗಿ ಬಾಧಿಸುವುದಿಲ್ಲ. ಬಿಸಿ ತಟ್ಟುವುದು ಯೂಟ್ಯೂಬ್ ಶಾರ್ಟ್ಸ್‌ನಲ್ಲಿ. ಅಲ್ಲಿ ವಿಡಿಯೋದ ಮೇಲೆ ಕಾಣುವುದು ಶೀರ್ಷಿಕೆ, ಅದರ ಮಿತಿ 100. ಕನ್ನಡದಲ್ಲಿ ಅದು ಹತ್ತು ಹನ್ನೆರಡು ಪದಕ್ಕೆ ಮುಗಿದುಹೋಗುತ್ತದೆ, ಮತ್ತು ಅಷ್ಟೂ ಪರದೆಯಲ್ಲಿ ಕಾಣುವುದಿಲ್ಲ. ವಿವರಣೆಗೆ 5,000 ಅಕ್ಷರಗಳ ಜಾಗ ಇದ್ದರೂ ಅದನ್ನು ನೋಡಲು ಮತ್ತೆ ಬೇರೆ ಕಡೆ ಒತ್ತಬೇಕು. ಆದ್ದರಿಂದ ರೀಲ್ಸ್‌ಗೆ ಬರೆದ ಕ್ಯಾಪ್ಷನ್ ಅನ್ನು ಹಾಗೆಯೇ ಎತ್ತಿ ಶಾರ್ಟ್ಸ್‌ನ ಶೀರ್ಷಿಕೆಗೆ ಅಂಟಿಸಿದರೆ ಕೆಲಸ ಕೆಡುತ್ತದೆ. ನಮ್ಮ ರೊಟ್ಟಿಗೆ ಅಲ್ಲಿ ಬೇರೆಯೇ ಸಾಲು ಬೇಕು:

ಜೋಳದ ರೊಟ್ಟಿ ಒಡೆಯದಂತೆ ಮಾಡುವುದು ಹೇಗೆ | jolada rotti

ಯಂತ್ರದ ಎಣಿಕೆಯಲ್ಲಿ ಇದು 49. ಮಿತಿಯ ಅರ್ಧ. ಇಲ್ಲಿ ‘ಅಂಚು ಒಡೀತಿದ್ಯಾ’ ಹೋಗಿ ‘ಮಾಡುವುದು ಹೇಗೆ’ ಬಂದದ್ದಕ್ಕೂ, ಕೊನೆಯಲ್ಲಿ ರೋಮನ್ ಲಿಪಿ ಬಂದದ್ದಕ್ಕೂ ಕಾರಣವಿದೆ.

ಯೂಟ್ಯೂಬ್‌ಗೆ ಜನ ಬರುವುದು ಬಹಳಷ್ಟು ಸಲ ಹುಡುಕಿಕೊಂಡು. ಅವರು ಟೈಪ್ ಮಾಡುವ ಪದ ಶೀರ್ಷಿಕೆಯಲ್ಲಿಯೂ ವಿವರಣೆಯ ಮೊದಲ ಸಾಲುಗಳಲ್ಲಿಯೂ ಇದ್ದರೆ ವಿಡಿಯೋ ಕೈಗೆ ಸಿಗುವ ಸಾಧ್ಯತೆ ಹೆಚ್ಚು. ಅಪ್‌ಲೋಡ್ ಮಾಡುವಾಗ ತುಂಬುವ ಟ್ಯಾಗ್‌ಗಳ ಪಾತ್ರ ಬಹಳ ಸಣ್ಣದು ಎಂದು ಯೂಟ್ಯೂಬ್ ತಾನೇ ಹೇಳುತ್ತದೆ. ಇನ್‌ಸ್ಟಾಗ್ರಾಂ ಕೂಡ 2021ರಲ್ಲಿ ತನ್ನ ಹುಡುಕಾಟದ ಬಗ್ಗೆ ವಿವರಿಸುತ್ತ, ಮುಖ್ಯ ಪದಗಳನ್ನೂ ಹ್ಯಾಶ್‌ಟ್ಯಾಗ್‌ಗಳನ್ನೂ ಕಮೆಂಟ್‌ನಲ್ಲಿ ಹಾಕದೆ ಕ್ಯಾಪ್ಷನ್‌ನಲ್ಲಿಯೇ ಹಾಕಿ ಎಂದು ತಿಳಿಸಿತ್ತು. ಕ್ಯಾಪ್ಷನ್ ಚೊಕ್ಕಟವಾಗಿ ಕಾಣಲಿ ಎಂದು ಹ್ಯಾಶ್‌ಟ್ಯಾಗ್‌ಗಳನ್ನು ಮೊದಲ ಕಮೆಂಟ್‌ಗೆ ತಳ್ಳುವ ರೂಢಿ ಇಂದಿಗೂ ಇದೆ. ಹುಡುಕಾಟದ ಮಟ್ಟಿಗೆ ಅದರಿಂದ ಲಾಭವಿಲ್ಲ.

ಪದಗಳನ್ನು ಎಲ್ಲಿ ಇಡಬೇಕು ಎಂಬುದರಷ್ಟೇ ಯಾವ ರೂಪದಲ್ಲಿ ಇಡಬೇಕು ಎಂಬುದೂ ಮುಖ್ಯ. ಕನ್ನಡದಲ್ಲಿ ಪದಕ್ಕೆ ವಿಭಕ್ತಿ ಸೇರಿದಾಗ ಅದರ ಚಹರೆಯೇ ಬದಲಾಗುತ್ತದೆ. ಹುಡುಕುವವರು ‘ಸಾರು’ ಎಂದು ಟೈಪ್ ಮಾಡುತ್ತಾರೆ, ಕ್ಯಾಪ್ಷನ್‌ನಲ್ಲಿ ‘ಸಾರಿಗೆ ಒಗ್ಗರಣೆ’ ಎಂದಿರುತ್ತದೆ. ಮನುಷ್ಯರಿಗೆ ಎರಡೂ ಒಂದೇ. ಯಂತ್ರಕ್ಕೆ ಅದು ಬಸ್ಸಿನ ಸಾರಿಗೆಯೋ ಊಟದ ಸಾರೋ ಎಂದು ತಿಳಿಯಬೇಕಾದ ಕೆಲಸ ಬೇರೆ. ಹಾಗಾಗಿ ಮುಖ್ಯ ಪದ ಒಂದು ಸಲವಾದರೂ ಪ್ರತ್ಯಯವಿಲ್ಲದೆ, ಇನ್ನೊಂದು ಪದಕ್ಕೆ ಅಂಟದೆ, ಬಿಡಿಯಾಗಿ ಇರಲಿ. ‘ಜೋಳದ ರೊಟ್ಟಿ ಮಾಡುವ ವಿಧಾನ’ ಎಂದು ಬರೆದರೆ ಆ ಕೆಲಸ ಸಲೀಸಾಗಿ ಆಗುತ್ತದೆ. ಹ್ಯಾಶ್‌ಟ್ಯಾಗ್‌ನಲ್ಲಿ ಮಾತ್ರ ಇದರ ವಿರುದ್ಧ: ನಡುವೆ ಖಾಲಿ ಜಾಗ ಬಿಟ್ಟರೆ #ಜೋಳದ ಎಂಬಲ್ಲಿಗೆ ಟ್ಯಾಗ್ ನಿಂತುಹೋಗುತ್ತದೆ, ರೊಟ್ಟಿ ಹೊರಗುಳಿಯುತ್ತದೆ.

ರೋಮನ್ ಲಿಪಿಯ ವಿಷಯಕ್ಕೆ ಬಂದರೆ, ಕನ್ನಡ ಚೆನ್ನಾಗಿ ಓದಬಲ್ಲವರೂ ಫೋನಿನಲ್ಲಿ ಹುಡುಕುವಾಗ ಇಂಗ್ಲಿಷ್ ಕೀಲಿಗಳನ್ನೇ ಒತ್ತುವುದನ್ನು ನಾವು ಸುತ್ತಮುತ್ತ ಕಾಣುತ್ತೇವೆ. ಒಬ್ಬರು jolada rotti ಎನ್ನುತ್ತಾರೆ, ಇನ್ನೊಬ್ಬರು jowar roti, ಗಡಿಯಾಚೆಯವರು bhakri. ಎಲ್ಲವನ್ನೂ ತುರುಕಿದರೆ ಕ್ಯಾಪ್ಷನ್ ಓದಲಾಗದ ಸಂತೆಯಾಗುತ್ತದೆ. ಆಯ್ಕೆಗೆ ಸುಲಭದ ದಾರಿ ಒಂದಿದೆ. ಹುಡುಕುವ ಪೆಟ್ಟಿಗೆಯಲ್ಲಿ jolada ಎಂದಷ್ಟೇ ಟೈಪ್ ಮಾಡಿ ನಿಲ್ಲಿಸಿ. ಕೆಳಗೆ ತಾನಾಗಿ ಇಳಿಯುವ ಸಲಹೆಗಳು ಜನ ಹುಡುಕುವ ಮಾತುಗಳ ಜಾಡು ತೋರಿಸುತ್ತವೆ. ಅದರಿಂದ ಒಂದೋ ಎರಡೋ ಆರಿಸಿಕೊಂಡರೆ ಸಾಕು. ಇವಕ್ಕೆ ಜಾಗ ಕ್ಯಾಪ್ಷನ್‌ನ ಕೊನೆ. ಮೊದಲ ಸಾಲು ಓದುವವರದು, ಕೊನೆಯ ಸಾಲು ಹುಡುಕುವವರದು. ಎಲ್ಲ ಸೇರಿಸಿದಾಗ ನಮ್ಮ ರೀಲ್‌ನ ಕ್ಯಾಪ್ಷನ್ ಹೀಗಾಗುತ್ತದೆ:

ಜೋಳದ ರೊಟ್ಟಿ ಅಂಚು ಒಡೀತಿದ್ಯಾ? ಹಿಟ್ಟಲ್ಲ, ನೀರು ನೋಡಿ.

ನೀರು ಚೆನ್ನಾಗಿ ಕುದಿ ಬಂದ ಮೇಲೇ ಹಿಟ್ಟಿಗೆ ಹಾಕಿ. ಬರೀ ಬೆಚ್ಚಗಿದ್ದರೆ ಹಿಟ್ಟು ಹಿಡಿದುಕೊಳ್ಳಲ್ಲ, ಬಡಿಯುವಾಗ ಅಂಚು ಸೀಳುತ್ತೆ. ಕೈ ತಡೆಯುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ, ತಡ ಮಾಡದೆ ಬಡಿಯಿರಿ.

ಉತ್ತರ ಕರ್ನಾಟಕದ ಜೋಳದ ರೊಟ್ಟಿ ಮಾಡುವ ವಿಧಾನ, jolada rotti recipe

#joladarotti #uttarakarnataka

ನಡುವಿನ ಭಾಗ ಚಿಕ್ಕದಾಗಿಯೇ ಇದೆ, ಆದರೆ ವಿಡಿಯೋದಲ್ಲಿ ಕಣ್ಣಿಗೆ ಕಾಣದ ಕಾರಣ ಅಲ್ಲಿದೆ. ಮೂರು ಚುಕ್ಕೆ ಒತ್ತಿ ಬಂದವರಿಗೆ ಸಿಗಬೇಕಾದದ್ದು ಅದೇ. ಹ್ಯಾಶ್‌ಟ್ಯಾಗ್ ಎರಡೇ ಇವೆ, ಎರಡೂ ರೊಟ್ಟಿಗೆ ಸಂಬಂಧಿಸಿದವು. #viral, #trending ಎಂಬವು ವಿಡಿಯೋ ಯಾವ ವಿಷಯದ್ದು ಎಂದು ತಿಳಿಸುವುದಿಲ್ಲವಾದ್ದರಿಂದ ಅವನ್ನು ಬಿಡುವುದೇ ಒಳ್ಳೆಯದು. ಲಿಂಕ್ ಕೂಡ ಹಾಕಿಲ್ಲ. ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ನಲ್ಲಿ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಶಾರ್ಟ್ಸ್‌ನ ವಿವರಣೆಯಲ್ಲೂ 2023ರ ಆಗಸ್ಟ್ ಕೊನೆಯಿಂದ ಹಾಗೆಯೇ.

ವಿಡಿಯೋ ಹಾಕಿದ ಮೇಲೆ ಬೇರೆಯವರ ಫೋನಿನಲ್ಲಿ, ಸಾಧ್ಯವಾದರೆ ಅಕ್ಷರ ದೊಡ್ಡದು ಮಾಡಿಕೊಂಡ ಹಿರಿಯರ ಫೋನಿನಲ್ಲಿ, ಒಮ್ಮೆ ತೆರೆದು ನೋಡಬೇಕು. ಸಾಲು ಎಲ್ಲಿ ಕತ್ತರಿಸಿದೆ, ವಿಡಿಯೋದ ಮೇಲೆ ಬರೆದ ದಪ್ಪಕ್ಷರಗಳ ಮೇಲೆ ಕ್ಯಾಪ್ಷನ್ ಹರಡಿಕೊಂಡಿದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಪದಗಳ ಫಲ ತಿಳಿಯಲು ಯೂಟ್ಯೂಬ್ ಸ್ಟುಡಿಯೋದ ಅನಲಿಟಿಕ್ಸ್ ಇದೆ. ನೋಡುಗರು ಶಾರ್ಟ್ಸ್ ಫೀಡ್‌ನಿಂದ ಬಂದರೋ ಹುಡುಕಿ ಬಂದರೋ ಎಂದು ಅದು ಬೇರೆಬೇರೆಯಾಗಿ ತೋರಿಸುತ್ತದೆ, ಹುಡುಕಿ ಬಂದವರು ಟೈಪ್ ಮಾಡಿದ ಪದಗಳನ್ನೂ ಪಟ್ಟಿ ಮಾಡುತ್ತದೆ. ಆರಂಭದ ದಿನಗಳಲ್ಲಿ ಹೆಚ್ಚಿನವರು ಫೀಡ್‌ನಿಂದಲೇ ಬರುವುದು ಸಾಮಾನ್ಯ, ಅದರಲ್ಲಿ ಕ್ಯಾಪ್ಷನ್‌ನ ಪಾಲು ಕಡಿಮೆ. ಹುಡುಕಾಟದ ಪಾಲು ನಿಧಾನವಾಗಿ ಬೆಳೆಯುತ್ತದೆ. ಕೆಲವು ವಾರಗಳ ನಂತರ ಆ ಪಟ್ಟಿಯಲ್ಲಿ ‘ಜೋಳದ ರೊಟ್ಟಿ’ಗಿಂತ ಮೇಲೆ jowar roti ಬಂದು ಕೂತಿದ್ದರೆ ವಿಡಿಯೋ ಅಳಿಸಿ ಮತ್ತೆ ಹಾಕಬೇಕಾಗಿಲ್ಲ. ಶೀರ್ಷಿಕೆ ತೆರೆದು, ಗೀಟಿನಾಚೆ ಇರುವ ಆ ಎರಡು ಪದಗಳನ್ನು ಬದಲಿಸಿ ಉಳಿಸಿದರೆ ಆಯಿತು.