ಮೂರು ಊರಿನ ಗಡಿಯಾರ, ಒಂದೇ ಗಂಟೆಯ ಲೆಕ್ಕ

ಯಾವ ಗಂಟೆಯಲ್ಲಿ ಎಷ್ಟು ಕೆಲಸ ಬರುತ್ತದೆ ಎಂಬ ಎಣಿಕೆಗೆ ಗಂಟೆವಾರು ಕೆಲಸದ ಹೊರೆ ಎನ್ನುತ್ತಾರೆ. ಎಷ್ಟು ಜನರನ್ನು ಯಾವ ಪಾಳಿಗೆ ಹಾಕಬೇಕು ಎಂಬುದು ಈ ಎಣಿಕೆಯಿಂದಲೇ ತೀರ್ಮಾನವಾಗುತ್ತದೆ. ಕಚೇರಿ ಒಂದೇ ಊರಿನಲ್ಲಿದ್ದರೆ ಲೆಕ್ಕ ಸುಲಭ: ಪ್ರತಿ ದೂರಿನ ಮೇಲಿರುವ ಟೈಮ್‌ಸ್ಟಾಂಪ್ ನೋಡಿ, ಒಂಬತ್ತರಿಂದ ಹತ್ತರೊಳಗೆ ಎಷ್ಟು, ಹತ್ತರಿಂದ ಹನ್ನೊಂದರೊಳಗೆ ಎಷ್ಟು ಎಂದು ಎಣಿಸಿದರೆ ಮುಗಿಯಿತು. ಕಚೇರಿಗಳು ಬೇರೆ ಬೇರೆ ದೇಶಗಳಲ್ಲಿದ್ದಾಗ ಮಾತ್ರ, ಎಣಿಸುವ ಮೊದಲು ಎಲ್ಲ ಟೈಮ್‌ಸ್ಟಾಂಪ್‌ಗಳನ್ನೂ ಒಂದೇ ಗಡಿಯಾರಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಉದಾಹರಣೆಗೆ, ಬೆಂಗಳೂರು, ಲಂಡನ್ ಮತ್ತು ನ್ಯೂಯಾರ್ಕ್‌ನಲ್ಲಿ ಕಚೇರಿಗಳಿರುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಬಹುದು. ಮೂರೂ ಕಡೆ ದಾಖಲಾದ ದೂರುಗಳು, ಅಂದರೆ ಟಿಕೆಟ್‌ಗಳು, ಪರಿಹಾರಕ್ಕಾಗಿ ಒಂದೇ ತಾಂತ್ರಿಕ ತಂಡಕ್ಕೆ ಹೋಗುತ್ತವೆ. ಪ್ರತಿ ಕಚೇರಿಯೂ ತನ್ನ ಗೋಡೆ ಗಡಿಯಾರದ ಸಮಯವನ್ನೇ ಬರೆದಿಡುತ್ತದೆ. 2025ರ ಮಾರ್ಚ್ 12, ಬುಧವಾರದ ಬೆಳಿಗ್ಗೆ 9ರಿಂದ 10ರವರೆಗೆ ಬೆಂಗಳೂರಿನಲ್ಲಿ 12, ಲಂಡನ್‌ನಲ್ಲಿ 18, ನ್ಯೂಯಾರ್ಕ್‌ನಲ್ಲಿ 40 ಟಿಕೆಟ್ ಬಂದವು ಎಂದುಕೊಳ್ಳೋಣ. ಮೂರು ಕಡತಗಳನ್ನು ಒಟ್ಟಿಗೆ ಸುರಿದು ಗಂಟೆವಾರು ಕೂಡಿದರೆ ‘9 ಗಂಟೆಗೆ 70 ಟಿಕೆಟ್’ ಎಂಬ ಉತ್ತರ ಬರುತ್ತದೆ. ಆದರೆ ಆ 70 ಟಿಕೆಟ್‌ಗಳು ತಂಡದ ಮುಂದೆ ಒಟ್ಟಿಗೆ ಬಂದದ್ದೇ ಇಲ್ಲ. ಬೆಂಗಳೂರಿನಲ್ಲಿ 9 ಹೊಡೆದು ಒಂಬತ್ತೂವರೆ ಗಂಟೆ ಕಳೆದ ಮೇಲೆ ಆ ದಿನ ನ್ಯೂಯಾರ್ಕ್‌ನಲ್ಲಿ 9 ಹೊಡೆಯಿತು. ಇಂಥ ಮೊತ್ತ ಎಲ್ಲ ಊರುಗಳ ಬೆಳಗುಗಳನ್ನು ಕೂಡುತ್ತದೆಯೇ ಹೊರತು ಒಂದು ಗಂಟೆಯ ಹೊರೆಯನ್ನಲ್ಲ.

ಹೊಂದಿಸಲು ಎಲ್ಲರಿಗೂ ಸಾಮಾನ್ಯವಾದ ಒಂದು ಗಡಿಯಾರ ಬೇಕು. ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯ ಈ ಕೆಲಸಕ್ಕೆ ಒದಗುತ್ತದೆ. ಅದು ಋತುವಿಗೆ ತಕ್ಕಂತೆ ಹಿಂದೆ ಮುಂದೆ ಸರಿಯುವುದಿಲ್ಲ. ಭಾರತದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ಆದ್ದರಿಂದ ಬೆಂಗಳೂರಿನ ಸಂಜೆ 6.40ರಿಂದ ಐದೂವರೆ ಗಂಟೆ ಕಳೆದರೆ ಯುಟಿಸಿ 13.10. ಅದೇ ಮಾರ್ಚ್ 12ರಂದು ಲಂಡನ್ ಯುಟಿಸಿಗೆ ಸಮನಾಗಿತ್ತು, ಹಾಗಾಗಿ ಅಲ್ಲಿನ 13.20 ಹಾಗೆಯೇ ಉಳಿಯುತ್ತದೆ. ನ್ಯೂಯಾರ್ಕ್ ಆ ದಿನ ನಾಲ್ಕು ಗಂಟೆ ಹಿಂದಿತ್ತು, ಅಲ್ಲಿನ ಬೆಳಿಗ್ಗೆ 9.15 ಯುಟಿಸಿಯಲ್ಲಿ 13.15 ಆಗುತ್ತದೆ. ಕಡತದಲ್ಲಿ 18, 13, 9 ಎಂಬ ಮೂರು ಬೇರೆ ಗಂಟೆಗಳಲ್ಲಿ ಕುಳಿತಿದ್ದ ದಾಖಲೆಗಳು ಹತ್ತೇ ನಿಮಿಷಗಳೊಳಗೆ ಬಂದವು ಎಂಬುದು ಆಗ ಕಾಣುತ್ತದೆ.

ಇಡೀ ಗಂಟೆಗೆ ಹೀಗೆಯೇ ಮಾಡಿದಾಗ ಯುಟಿಸಿ 13ರಿಂದ 14ರೊಳಗೆ ಬೆಂಗಳೂರಿನ 24, ಲಂಡನ್‌ನ 31, ನ್ಯೂಯಾರ್ಕ್‌ನ 40 ಸೇರಿ 95 ಟಿಕೆಟ್ ಸಿಕ್ಕವು ಎನ್ನೋಣ. ಒಬ್ಬರು ಗಂಟೆಗೆ 6 ಟಿಕೆಟ್ ನಿಭಾಯಿಸಿದರೆ 16 ಜನ ಬೇಕು. ಹೊಂದಿಸದ ಲೆಕ್ಕದ 70ಕ್ಕೆ 12 ಜನ ಸಾಕೆನಿಸುತ್ತಿತ್ತು. ನಾಲ್ಕು ಜನರ ಕೊರತೆ ಬಿದ್ದದ್ದಲ್ಲದೆ, ಆ 12 ಜನರನ್ನು ಯಾವ ಊರಿನ 9 ಗಂಟೆಗೆ ಕೂರಿಸಬೇಕು ಎಂಬುದೂ ತಿಳಿಯುತ್ತಿರಲಿಲ್ಲ.

ಈ ಪರಿವರ್ತನೆಯಲ್ಲಿ ಹೆಚ್ಚಿನವರು ಎಡವುವುದು ಬೇಸಿಗೆ ಸಮಯದ ಹತ್ತಿರ. ಭಾರತದಲ್ಲಿ ಗಡಿಯಾರವನ್ನು ವರ್ಷವಿಡೀ ಯಾರೂ ತಿರುಗಿಸುವುದಿಲ್ಲ. ಬ್ರಿಟನ್ ಮತ್ತು ಅಮೆರಿಕದ ಬಹುಭಾಗದಲ್ಲಿ ವಸಂತದಲ್ಲಿ ಒಂದು ಗಂಟೆ ಮುಂದಕ್ಕೆ, ಶರತ್ಕಾಲದಲ್ಲಿ ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ. ಎರಡೂ ದೇಶಗಳು ಒಂದೇ ದಿನ ತಿರುಗಿಸುವುದೂ ಇಲ್ಲ. 2025ರಲ್ಲಿ ಅಮೆರಿಕ ಮಾರ್ಚ್ 9ರಂದು ಗಡಿಯಾರ ಮುಂದಿಟ್ಟರೆ ಬ್ರಿಟನ್ ಮಾರ್ಚ್ 30ರಂದು ಇಟ್ಟಿತು. ನಡುವಿನ ಮೂರು ವಾರ ಲಂಡನ್ ಮತ್ತು ನ್ಯೂಯಾರ್ಕ್‌ಗಳ ಅಂತರ ಎಂದಿನ ಐದು ಗಂಟೆಯ ಬದಲು ನಾಲ್ಕಾಗಿತ್ತು. ಶರತ್ಕಾಲದಲ್ಲೂ ಬ್ರಿಟನ್ ಅಕ್ಟೋಬರ್ 26ರಂದು, ಅಮೆರಿಕ ನವೆಂಬರ್ 2ರಂದು ಹಿಂದಿಟ್ಟಿದ್ದರಿಂದ ಒಂದು ವಾರ ಇದೇ ಸ್ಥಿತಿ ಇತ್ತು.

‘ನ್ಯೂಯಾರ್ಕ್ ಎಂದರೆ ಐದು ಗಂಟೆ ಹಿಂದೆ’ ಎಂದು ಒಂದು ಸಂಖ್ಯೆಯನ್ನು ಕಟ್ಟಿಹಾಕಿದರೆ ಮಾರ್ಚ್ 12ರ ಲೆಕ್ಕ ಕೆಡುತ್ತದೆ. ಅಲ್ಲಿನ 9 ಗಂಟೆಯ 40 ಟಿಕೆಟ್‌ಗಳು ಯುಟಿಸಿ 14ಕ್ಕೆ ಜಾರುತ್ತವೆ. ಅವುಗಳ ಜಾಗಕ್ಕೆ, ಕಚೇರಿ ತೆರೆಯುವ ಮುಂಚಿನ 8 ಗಂಟೆಯ 10 ಟಿಕೆಟ್‌ಗಳು ಬಂದು ಕೂರುತ್ತವೆ. 13ನೇ ಗಂಟೆಯ ಮೊತ್ತ 95ರಿಂದ 65ಕ್ಕೆ ಇಳಿದು, 16 ಜನ ಬೇಕಾದಲ್ಲಿ 11 ಜನರ ಪಾಳಿ ಸಿದ್ಧವಾಗುತ್ತದೆ. ಇದಕ್ಕೆ ಪರಿಹಾರ, ಸಂಖ್ಯೆಯ ಬದಲು ಕಾಲವಲಯದ ಹೆಸರನ್ನೇ ಇಟ್ಟುಕೊಳ್ಳುವುದು. ಕಂಪ್ಯೂಟರ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಐಎಎನ್‌ಎ ಕಾಲವಲಯ ಪಟ್ಟಿಯಲ್ಲಿ ಈ ಮೂರು ಕಚೇರಿಗಳಿಗೆ `Asia/Kolkata`, `Europe/London`, `America/New_York` ಎಂಬ ಹೆಸರುಗಳಿವೆ. ಬೆಂಗಳೂರಿಗೆ ಪ್ರತ್ಯೇಕ ಹೆಸರಿಲ್ಲ, ಇಡೀ ಭಾರತಕ್ಕೆ ಕೋಲ್ಕತ್ತದ ಹೆಸರೇ. ಯಾವ ದಿನಾಂಕದಂದು ಎಷ್ಟು ಅಂತರ ಎಂಬ ನಿಯಮ ಆ ಹೆಸರಿನ ಹಿಂದೆಯೇ ಇರುತ್ತದೆ. ಪೈಥಾನ್‌ನಲ್ಲಿ ಒಂದು ದಾಖಲೆಯನ್ನು ಹೀಗೆ ಪರಿವರ್ತಿಸಬಹುದು:

```python
from datetime import datetime
from zoneinfo import ZoneInfo

t = datetime(2025, 3, 12, 9, 15,
             tzinfo=ZoneInfo("America/New_York"))
print(t.astimezone(ZoneInfo("UTC")))
```

ಉತ್ತರವಾಗಿ `2025-03-12 13:15:00+00:00` ಬರುತ್ತದೆ. ದಿನಾಂಕವನ್ನು ಫೆಬ್ರವರಿ 12ಕ್ಕೆ ಬದಲಿಸಿದರೆ ಅದೇ 9.15 ತಾನಾಗಿ 14.15 ಆಗುತ್ತದೆ. ಹೆಸರಿನ ಬದಲು ಮೂರಕ್ಷರದ ಸಂಕೇತವನ್ನು ನಂಬುವುದೂ ಅಪಾಯವೇ. `IST` ಎಂಬುದು ಭಾರತದ ಸಮಯಕ್ಕೂ ಇಸ್ರೇಲ್‌ನ ಸಮಯಕ್ಕೂ ಐರ್ಲೆಂಡಿನ ಬೇಸಿಗೆ ಸಮಯಕ್ಕೂ ಬಳಕೆಯಲ್ಲಿದೆ.

ಎರಡನೆಯ ತೊಡಕು ಭಾರತದ ಅರ್ಧ ಗಂಟೆಯದು. ಯುಟಿಸಿಯ 13ರಿಂದ 14 ಎಂದರೆ ಬೆಂಗಳೂರಿನ 6.30ರಿಂದ 7.30. ಒಂದು ಕಡೆಯ ಪೂರ್ಣ ಗಂಟೆ ಇನ್ನೊಂದು ಕಡೆ ಎರಡು ಅರ್ಧಗಳಾಗಿ ಒಡೆಯುತ್ತದೆ. ಪ್ರತಿ ಟಿಕೆಟ್‌ನ ಸಮಯ ಕೈಯಲ್ಲಿದ್ದರೆ ಇದು ತೊಂದರೆಯಲ್ಲ. ಬೆಂಗಳೂರಿನ ಕಚೇರಿ ಮೊದಲೇ ಗಂಟೆವಾರು ಕೂಡಿದ ಪಟ್ಟಿಯನ್ನಷ್ಟೇ ಕಳುಹಿಸಿದರೆ ಮಾತ್ರ ಕಷ್ಟ. 6ರಿಂದ 7ಕ್ಕೆ 30, 7ರಿಂದ 8ಕ್ಕೆ 6 ಎಂದು ಪಟ್ಟಿಯಲ್ಲಿದೆ ಎನ್ನೋಣ. ಎರಡನ್ನೂ ಸಮನಾಗಿ ಅರ್ಧ ಮಾಡಿದರೆ 15 ಮತ್ತು 3 ಸೇರಿ 18 ಆಗುತ್ತದೆ. ಆದರೆ ಅಂದು ಏಳಕ್ಕೆ ಪಾಳಿ ಮುಗಿಯುವ ಮುಂಚಿನ ಅರ್ಧ ಗಂಟೆಯಲ್ಲೇ 20 ಟಿಕೆಟ್, ಏಳರ ನಂತರದ ಅರ್ಧ ಗಂಟೆಯಲ್ಲಿ 4 ಬಂದಿದ್ದವು. ಸರಿಯಾದ ಎಣಿಕೆ 24. ಒಮ್ಮೆ ಕೂಡಿಬಿಟ್ಟ ಗಂಟೆಯನ್ನು ಮತ್ತೆ ಸರಿಯಾಗಿ ಬಿಡಿಸಲಾಗದು. ಆದ್ದರಿಂದ ಕಚೇರಿಗಳಿಂದ ಬಿಡಿ ದಾಖಲೆಗಳನ್ನೇ ತರಿಸಿಕೊಳ್ಳಬೇಕು, ಇಲ್ಲವೇ ಅರ್ಧ ಗಂಟೆಯ ಮೊತ್ತಗಳನ್ನಾದರೂ ಕೇಳಬೇಕು. ಯುಟಿಸಿಗಿಂತ ಐದೂಮುಕ್ಕಾಲು ಗಂಟೆ ಮುಂದಿರುವ ಕಾಠ್ಮಂಡುವಿನ ಕಚೇರಿಯೂ ಸೇರಿದರೆ ಕಾಲು ಗಂಟೆಯ ಮೊತ್ತ ಬೇಕಾಗುತ್ತದೆ.

ಗಡಿಯಾರ ತಿರುಗಿಸುವ ರಾತ್ರಿಗಳದು ಇನ್ನೊಂದು ಬಗೆ. 2025ರ ನವೆಂಬರ್ 2ರಂದು ನ್ಯೂಯಾರ್ಕ್‌ನಲ್ಲಿ ರಾತ್ರಿ 1ರಿಂದ 2ರ ಗಂಟೆ ಎರಡು ಸಲ ಬಂತು. ಅಲ್ಲಿನ 1.30 ಎಂಬ ದಾಖಲೆ ಯುಟಿಸಿ 5.30 ಆಗಿರಬಹುದು, 6.30 ಕೂಡ ಆಗಿರಬಹುದು. ಗೋಡೆ ಗಡಿಯಾರದ ಸಮಯವನ್ನಷ್ಟೇ ಬರೆದಿದ್ದರೆ ಯಾವುದೆಂದು ಹೇಳಲಾಗುವುದಿಲ್ಲ. 1.50ಕ್ಕೆ ತೆರೆದ ಟಿಕೆಟ್ 1.10ಕ್ಕೆ ಮುಗಿದಂತೆ, ಅಂದರೆ ಋಣ ನಲವತ್ತು ನಿಮಿಷ ಹಿಡಿದಂತೆ ಕಂಡರೆ, ಅದು ಈ ರಾತ್ರಿಯ ಗುರುತು. ನಿಜಕ್ಕೂ ಹಿಡಿದದ್ದು 20 ನಿಮಿಷ. ಮಾರ್ಚ್ 9ರ ರಾತ್ರಿ ಇದಕ್ಕೆ ತದ್ವಿರುದ್ಧ: 2ರಿಂದ 3ರ ಗಂಟೆ ಅಲ್ಲಿ ಇರಲೇ ಇಲ್ಲ. ಆ ದಿನ 2.15ರ ದಾಖಲೆ ಸಿಕ್ಕರೆ ಆ ಯಂತ್ರ ನ್ಯೂಯಾರ್ಕ್‌ನ ಸಮಯವನ್ನು ಬರೆಯುತ್ತಿರಲಿಲ್ಲ ಎಂದೇ ಅರ್ಥ. ಸಮಯದ ಜೊತೆಗೆ ಆ ಕ್ಷಣದ ಅಂತರವನ್ನೂ, ಅಂದರೆ `2025-11-02T01:30:00-04:00` ಎಂದು, ದಾಖಲಿಸುವ ವ್ಯವಸ್ಥೆಯಲ್ಲಿ ಈ ಗೊಂದಲ ಹುಟ್ಟುವುದಿಲ್ಲ.

ದಿನಾಂಕದ ಗಡಿಯೂ ಪರಿವರ್ತನೆಯಲ್ಲಿ ಸರಿಯುತ್ತದೆ. ಬೆಂಗಳೂರಿನಲ್ಲಿ ಮಾರ್ಚ್ 12ರ ನಸುಕಿನ 2 ಗಂಟೆ ಯುಟಿಸಿಯಲ್ಲಿ ಮಾರ್ಚ್ 11ರ ರಾತ್ರಿ 8.30. ಮೂರೂ ಕಡತಗಳಿಂದ ‘ಮಾರ್ಚ್ 12’ ಎಂದಿರುವುದನ್ನಷ್ಟೇ ಆರಿಸಿ ಆಮೇಲೆ ಪರಿವರ್ತಿಸಿದರೆ ಯುಟಿಸಿ ದಿನದ ಎರಡೂ ತುದಿಗಳಲ್ಲಿ ಕೆಲವು ಟಿಕೆಟ್ ಕಳೆದುಹೋಗುತ್ತವೆ. ಹಿಂದಿನ ಮತ್ತು ಮುಂದಿನ ದಿನದ ದಾಖಲೆಗಳನ್ನೂ ಸೇರಿಸಿ ತಂದು, ಪರಿವರ್ತಿಸಿದ ನಂತರ ಬೇಕಾದ ದಿನವನ್ನು ಕತ್ತರಿಸುವುದೇ ಸರಿಯಾದ ಕ್ರಮ.

ಇಷ್ಟೆಲ್ಲ ಮಾಡುವ ಮೊದಲು, ಕಡತದಲ್ಲಿರುವುದು ನಿಜಕ್ಕೂ ಆಯಾ ಊರಿನ ಸಮಯವೇ ಎಂದು ಪರೀಕ್ಷಿಸಬೇಕು. ಕೆಲವು ತಂತ್ರಾಂಶಗಳು ವರದಿ ಇಳಿಸಿಕೊಳ್ಳುವವರ ಕಾಲವಲಯಕ್ಕೆ ಸಮಯವನ್ನು ಮೊದಲೇ ಬದಲಿಸಿ ಕೊಡುತ್ತವೆ. ಅದನ್ನು ತಿಳಿಯದೆ ಮತ್ತೊಮ್ಮೆ ಪರಿವರ್ತಿಸಿದರೆ ತಪ್ಪು ಇಮ್ಮಡಿಯಾಗುತ್ತದೆ. ಪರೀಕ್ಷೆಯೇನೂ ಕಷ್ಟವಲ್ಲ. ಪ್ರತಿ ಕಚೇರಿಯ ಟಿಕೆಟ್‌ಗಳನ್ನು ಪ್ರತ್ಯೇಕವಾಗಿ, ಕಡತದಲ್ಲಿರುವ ಸಮಯದಂತೆಯೇ ಗಂಟೆವಾರು ಎಣಿಸಿ ನೋಡಬೇಕು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಏರಿಕೆ, ಮಧ್ಯಾಹ್ನದ ಊಟದ ಹೊತ್ತಿಗೆ ಇಳಿತ ಕಂಡರೆ ಅದು ಸ್ಥಳೀಯ ಸಮಯ. ಚಳಿಗಾಲದ ಲಂಡನ್ ಕಡತದಲ್ಲಿ ಕೆಲಸ ಮಧ್ಯಾಹ್ನ ಎರಡೂವರೆಗೆ ಶುರುವಾದಂತೆ ಕಂಡರೆ ಅದನ್ನು ಯಾರೋ ಆಗಲೇ ಭಾರತದ ಸಮಯಕ್ಕೆ ತಿರುಗಿಸಿದ್ದಾರೆ. ಇನ್ನೂ ಖಚಿತವಾಗಬೇಕಿದ್ದರೆ ಮೂರೂ ಕಚೇರಿಗಳಲ್ಲಿ ಫೋನಿನಲ್ಲಿ ಮಾತಾಡಿಕೊಂಡು ಒಂದೇ ಕ್ಷಣದಲ್ಲಿ ಒಂದೊಂದು ಪರೀಕ್ಷಾ ಟಿಕೆಟ್ ತೆರೆಯಬಹುದು. ಪರಿವರ್ತನೆಯ ನಂತರ ಮೂರರ ಸಮಯವೂ ಒಂದೇ ಆಗಿರಬೇಕು.

ಹೊಂದಾಣಿಕೆ ಸರಿಯಾಗಿದ್ದರೂ ಸರಾಸರಿಯಲ್ಲಿ ಒಂದು ಎಚ್ಚರ ಬೇಕು. ನ್ಯೂಯಾರ್ಕ್‌ನ 9 ಗಂಟೆ ಮಾರ್ಚ್ ಮೊದಲ ವಾರದಲ್ಲಿ ಯುಟಿಸಿ 14ಕ್ಕೆ, ಆಮೇಲೆ 13ಕ್ಕೆ ಬೀಳುತ್ತದೆ. ಇಡೀ ತಿಂಗಳ ಸರಾಸರಿ ತೆಗೆದರೆ ಒಂದೇ ಎತ್ತರದ ಶಿಖರ ಎರಡು ಗಿಡ್ಡ ದಿಬ್ಬಗಳಾಗಿ ಹರಡಿಕೊಳ್ಳುತ್ತದೆ. ಹಾಗಾಗಿ 2025ರ ಮಾರ್ಚ್‌ನ ಕೆಲಸದ ದಿನಗಳನ್ನು 3ರಿಂದ 7, 10ರಿಂದ 28, ಮತ್ತು 31 ಎಂದು ಮೂರು ಭಾಗ ಮಾಡಿ ಲೆಕ್ಕ ಹಾಕಬೇಕು.

ಎಲ್ಲ ಪ್ರಶ್ನೆಗೂ ಯುಟಿಸಿ ಉತ್ತರವಲ್ಲ. ನ್ಯೂಯಾರ್ಕ್ ಕಚೇರಿಯ ಸ್ವಾಗತ ಮೇಜಿಗೆ ಎಷ್ಟು ಜನ ಬೇಕು ಎಂಬುದಕ್ಕೆ ಅಲ್ಲಿನ ಗೋಡೆ ಗಡಿಯಾರವೇ ಸಾಕು. ಏಕೆಂದರೆ ಅಲ್ಲಿಗೆ ಬರುವವರ ದಿನಚರಿ ಆ ಗಡಿಯಾರದಂತೆಯೇ ನಡೆಯುತ್ತದೆ. ಎಲ್ಲ ಕಚೇರಿಗಳ ಕೆಲಸ ಒಂದೇ ತಂಡದ ಮೇಲೆ, ಒಂದೇ ಸರ್ವರ್ ಮೇಲೆ ಬೀಳುವಾಗ ಮಾತ್ರ ಸಾಮಾನ್ಯ ಗಡಿಯಾರ ಬೇಕು. ಅಲ್ಲಿಯೂ ಎಣಿಕೆ ಯುಟಿಸಿಯಲ್ಲಿ ಮುಗಿದ ಮೇಲೆ, ಪಾಳಿ ಪಟ್ಟಿಯನ್ನು ಆಯಾ ಊರಿನ ಸಮಯಕ್ಕೆ ತಿರುಗಿಸಿಯೇ ಹಂಚಬೇಕು. ಮಾರ್ಚ್ 12ರ ಆ 16 ಜನ ಬೆಂಗಳೂರಿನವರಾಗಿದ್ದರೆ ಅವರ ಪಟ್ಟಿಯಲ್ಲಿರಬೇಕಾದ ಸಮಯ ಸಂಜೆ 6.30.